ನಮ್ಮ ಪರಿಮಳ ನಮಗೇಕೆ ತಿಳಿಯದು?

ಮಲ್ಲಿಗೆಯ ದಂಡೆ ಮುಡಿದು ಬಸ್ಸಿನಲ್ಲಿ ಕುಳಿತ ಹೆಣ್ಣುಮಗಳಿಗೆ ಹತ್ತು ಹದಿನೈದು ನಿಮಿಷ ಕಳೆಯುವುದರೊಳಗಾಗಿ ತನ್ನ ಹೂವಿನ ಕಂಪು ಬಹುಮಟ್ಟಿಗೆ ತಿಳಿಯದಂತಾಗಿರುತ್ತದೆ. ಮುಂದಿನ ಸ್ಟಾಪಿನಲ್ಲಿ ಹತ್ತಿ ಅವಳ ಹಿಂದಿನ ಸೀಟಿನಲ್ಲಿ ಕುಳಿತವರಿಗಾದರೋ ಬಸ್ಸೆಲ್ಲ ಮಲ್ಲಿಗೆಯಾದಂತೆ ತೋರುತ್ತದೆ. ಹೂವು ಒಂದೇ, ಗಾಳಿಯೂ ಒಂದೇ. ಬೇರೆಯಾದುದು ಮೂಗು ಮಾತ್ರ. ಮಲ್ಲಿಗೆಯ ವಿಷಯದಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಹೂವು ಮುಡಿದವಳು ಕಂಪು ಸಾಲದೆಂದು ದಾರಿಯಲ್ಲಿ ಇನ್ನೊಂದು ಮೊಳ ಕೊಂಡು ಮುಡಿಯುವುದಿಲ್ಲ. ಆದರೆ ಸೆಂಟಿನ ಬಾಟಲಿ ಜೇಬಿನಲ್ಲಿದ್ದರೆ ಕಥೆ ಬೇರೆ. ವಾಸನೆ ಹೋಯಿತೆಂದು ತಿಳಿದು ಮತ್ತೆ ಒತ್ತಿಕೊಳ್ಳುತ್ತೇವೆ. ಹೋದದ್ದು ವಾಸನೆಯೋ, ನಮ್ಮ ಮೂಗಿನ ಗಮನವೋ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದೇ ಇಲ್ಲ.

ಈ ಪ್ರಶ್ನೆಯನ್ನು ನಾನು ಕೈಗೆತ್ತಿಕೊಂಡುದಕ್ಕೆ ಒಂದು ಕಾರಣವುಂಟು. ನಮ್ಮ ತರಗತಿಯ ಒಬ್ಬ ಮಿತ್ರನಿಗೆ ಅರೆತಲೆನೋವಿನ ಬಾಧೆ ಇದೆ. ಅವನು ಈ ವರ್ಷ ಎರಡನೆಯ ಬೆಂಚಿನಿಂದ ಎದ್ದು ಹಿಂದಿನ ಬಾಗಿಲ ಬಳಿಗೆ ಹೋಗಿ ಕುಳಿತುಕೊಳ್ಳತೊಡಗಿದ. ಕೆಲವು ದಿನ ಮಧ್ಯಾಹ್ನದ ಪಾಠಗಳಿಗೆ ಬರುವುದನ್ನೇ ಬಿಟ್ಟ. ವಿಚಾರಿಸಿದಾಗ ತಿಳಿದುಬಂದುದೇನೆಂದರೆ, ಬೆಂಚಿನ ಪಕ್ಕದವನ ಸೆಂಟಿನ ಘಾಟಿಗೆ ಅವನ ತಲೆನೋವು ಎದ್ದುಬಿಡುತ್ತಿತ್ತು. ಅರೆತಲೆನೋವಿನವರಲ್ಲಿ ಹಲವರಿಗೆ ಬಲವಾದ ಸುಗಂಧವೇ ನೋವನ್ನು ಎಬ್ಬಿಸುವುದುಂಟು. ಉಬ್ಬಸದವರಲ್ಲಿ ಕೆಲವರಿಗೆ ಅದು ಉಸಿರು ಕಟ್ಟಿಸುವುದೂ ಉಂಟು. ಪಕ್ಕದವನಾದರೋ ಸಜ್ಜನ. “ನಾನು ಹಾಕಿಕೊಳ್ಳುವುದು ನನಗೇ ತಿಳಿಯದಷ್ಟು ಕಡಿಮೆ ಕಣಯ್ಯ” ಎಂದು ಅವನು ಹೇಳಿದುದು ಸುಳ್ಳಲ್ಲ. ಅವನಿಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ. ವರ್ಷದ ಆರಂಭದಲ್ಲಿ ಎರಡು ಸಲ ಒತ್ತಿಕೊಳ್ಳುತ್ತಿದ್ದವನು ಸಾಲದೆಂದು ಸಾಲದೆಂದು ಏಳು ಸಲಕ್ಕೆ ಬಂದಿದ್ದ. ಇಬ್ಬರಲ್ಲಿ ಯಾರ ಮೂಗನ್ನು ನಂಬಬೇಕು? ಇದನ್ನು ತಿಳಿಯಬೇಕಾದರೆ ಮೊದಲು ಮೂಗಿನೊಳಗೆ ನಡೆಯುವುದೇನೆಂಬುದನ್ನು ನೋಡಬೇಕು.

ವಾಸನೆ ಎಂಬುದು ವಸ್ತುವಿನಿಂದ ಹಾರಿಬರುವ ಅಣುಗಳ ಸಮೂಹ. ಉಸಿರಿನೊಡನೆ ಒಳಗೆ ಹೋದ ಈ ಅಣುಗಳು ಮೂಗಿನ ಗೂಡಿನ ಮೇಲ್ಭಾಗದಲ್ಲಿರುವ ಒಂದು ಸಣ್ಣ ಪೊರೆಯ ತೇವದಲ್ಲಿ ಕರಗುತ್ತವೆ. ಅಲ್ಲಿ ಲಕ್ಷಾಂತರ ನರಕೋಶಗಳು ತಮ್ಮ ಎಳೆಗಳನ್ನು ಚಾಚಿಕೊಂಡಿವೆ. ಎಳೆಗಳ ಮೇಲೆ ಅಣುಗಳನ್ನು ಹಿಡಿಯುವ ಗ್ರಾಹಕಗಳಿವೆ. ಈ ಗ್ರಾಹಕಗಳ ದೊಡ್ಡ ಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬ ಅಮೆರಿಕದ ವಿಜ್ಞಾನಿಗಳು 1991ರಲ್ಲಿ ಕಂಡುಹಿಡಿದರು. 2004ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಮನುಷ್ಯನಲ್ಲಿ ಕೆಲಸ ಮಾಡುವ ಗ್ರಾಹಕಗಳು ಸುಮಾರು 400 ಬಗೆಯವು. ಒಂದೊಂದು ವಾಸನೆಯೂ ಇವುಗಳಲ್ಲಿ ತನಗೆ ಒಪ್ಪುವ ಕೆಲವನ್ನು ಮಾತ್ರ ಮಿಡಿಯುತ್ತದೆ. ಯಾವ ಯಾವುದು ಮಿಡಿಯಿತೆಂಬುದನ್ನು ನೋಡಿ ಮೆದುಳು ಇದು ಗಂಧ, ಇದು ಕಾಫಿ ಎಂದು ತಿಳಿಯುತ್ತದೆ.

ಅಣು ಬಂದು ಗ್ರಾಹಕಕ್ಕೆ ಅಂಟಿದಾಗ ನರಕೋಶದ ಗೋಡೆಯಲ್ಲಿ ಸಣ್ಣ ಬಾಗಿಲುಗಳು ತೆರೆಯುತ್ತವೆ. ಅವುಗಳ ಮೂಲಕ ಸೋಡಿಯಂ ಮತ್ತು ಕ್ಯಾಲ್ಸಿಯಂ ಕಣಗಳು ಒಳನುಗ್ಗುತ್ತವೆ. ಆಗ ಕೋಶವು ಮೆದುಳಿಗೆ ಸುದ್ದಿ ಕಳುಹಿಸುತ್ತದೆ. ಇಲ್ಲಿಯೇ ಒಂದು ಸ್ವಾರಸ್ಯವಿದೆ. ಸುದ್ದಿಗೆ ಕಾರಣವಾದ ಆ ಕ್ಯಾಲ್ಸಿಯಮ್ಮೇ ಒಳಗೆ ಸೇರಿದ ಮೇಲೆ ಬಾಗಿಲುಗಳನ್ನು ಬಿಗಿಮಾಡತೊಡಗುತ್ತದೆ. ಅದೇ ವಾಸನೆ ಬಿಡದೆ ಬರುತ್ತಿದ್ದರೆ ಬಾಗಿಲು ಮೊದಲಿನಷ್ಟು ಸುಲಭವಾಗಿ ತೆರೆಯುವುದಿಲ್ಲ. ಮೊದಲಿನಷ್ಟೇ ಅಣುಗಳಿಗೆ ಮೊದಲಿಗಿಂತ ಸಣ್ಣ ಸುದ್ದಿ ಹೋಗುತ್ತದೆ. ಇದು ಮೂಗಿನಲ್ಲಿ ಆಗುವ ಹೊಂದಾಣಿಕೆ.

ಎರಡನೆಯದು ಮೆದುಳಿನಲ್ಲಿ ಆಗತಕ್ಕದ್ದು. ಜನರಿಗೆ ಒಂದು ವಾಸನೆಯನ್ನು ಬಿಡದೆ ತೋರಿಸುತ್ತ ಮೆದುಳಿನ ಚಟುವಟಿಕೆಯನ್ನು ಯಂತ್ರದಿಂದ ಅಳೆದವರು ಕಂಡುದೇನೆಂದರೆ, ವಾಸನೆಯನ್ನು ಗುರುತಿಸುವ ಭಾಗವು ಮೊದಲು ಚುರುಕಾಗಿ ಎದ್ದು, ವಾಸನೆ ಇನ್ನೂ ಬರುತ್ತಿರುವಾಗಲೇ, ಸುಮಾರು ಒಂದು ನಿಮಿಷದೊಳಗಾಗಿ ತಣ್ಣಗಾಗುತ್ತದೆ. ಮೆದುಳಿಗೆ ಬೇಕಾದುದು ಹೊಸ ಸುದ್ದಿ. ಇದ್ದದ್ದು ಇದ್ದಂತೆಯೇ ಇದ್ದರೆ ಅದನ್ನು ಬದಿಗೆ ಸರಿಸಿ, ಹೊಸದಾಗಿ ಬರುವ ಹೊಗೆಯ ವಾಸನೆಗೋ ಹಳಸಿದ ಸಾರಿನ ವಾಸನೆಗೋ ಜಾಗ ಬಿಡುತ್ತದೆ.

ಇದನ್ನು “ಮೂಗು ದಣಿಯಿತು” ಎಂದು ಹೇಳುವ ವಾಡಿಕೆ ಉಂಟು. ಅದು ಸರಿಯಾದ ಮಾತಲ್ಲ. ದಣಿದ ಕಾಲು ಯಾವ ದಾರಿಯಲ್ಲೂ ನಡೆಯಲಾರದು. ಆದರೆ ತನ್ನ ಸೆಂಟಿನ ವಾಸನೆ ತಿಳಿಯದವನಿಗೆ ಕಾಫಿಯ ವಾಸನೆ ಚೆನ್ನಾಗಿಯೇ ತಿಳಿಯುತ್ತದೆ. ಮೂಗು ಹೊಂದಿಕೊಂಡಿರುವುದು ಆ ಒಂದು ವಾಸನೆಗೆ, ಮತ್ತು ಸ್ವಲ್ಪಮಟ್ಟಿಗೆ ಅದನ್ನು ಹೋಲುವ ವಾಸನೆಗಳಿಗೆ ಮಾತ್ರ. ಇದರಿಂದ ಒಂದು ಉಪಯೋಗವೂ ಉಂಟು. ನಿಮ್ಮ ಸೆಂಟು ನಿಮಗೆ ತಿಳಿಯದೆ, ಕಾಫಿ, ಸೋಪು, ಒಗ್ಗರಣೆ ಎಲ್ಲವೂ ತಿಳಿಯುತ್ತಿದ್ದರೆ ಅದು ಸಹಜವಾದ ಹೊಂದಾಣಿಕೆ. ಅವೂ ತಿಳಿಯದಿದ್ದರೆ ಅದು ಬೇರೆ ವಿಷಯ. ನೆಗಡಿಯೋ, ಕೋವಿಡ್‌ನಂಥ ಜ್ವರದ ಪರಿಣಾಮವೋ ಆಗಿರಬಹುದು. ಅಂಥವರು ಹೋಗಬೇಕಾದುದು ವೈದ್ಯರಲ್ಲಿಗೆ.

ಇನ್ನು ಕಾಲದ ಮಾತು. ಒಮ್ಮೆ ಆದ ಹೊಂದಾಣಿಕೆ ಶುದ್ಧವಾದ ಗಾಳಿಯಲ್ಲಿ ಕೆಲವು ನಿಮಿಷಗಳಲ್ಲಿ ಇಳಿಯತೊಡಗುತ್ತದೆ. ಆದರೆ ದಿನದಿನವೂ ಒಂದೇ ವಾಸನೆಯಲ್ಲಿ ಇರುವವರ ಸ್ಥಿತಿ ಹಾಗಲ್ಲ. ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ವಾಸನೆ ಮತ್ತು ರುಚಿಗಳನ್ನು ಕುರಿತು ಸಂಶೋಧನೆ ಮಾಡುವ ಮೊನೆಲ್ ಎಂಬ ಕೇಂದ್ರವಿದೆ. ಅಲ್ಲಿಯ ಪಮೇಲಾ ಡಾಲ್ಟನ್ ಮತ್ತು ಚಾರ್ಲ್ಸ್ ವೈಸಾಕಿ ಎಂಬವರು 1996ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಜನರು ತಮ್ಮ ಮನೆಗಳಲ್ಲಿಯೇ ಒಂದು ವಾಸನೆಯನ್ನು ಇಟ್ಟುಕೊಂಡು ಎರಡು ವಾರ ಬಾಳಿದರು. ಆ ವಾಸನೆಯ ಬಗ್ಗೆ ಅವರ ಮೂಗಿನ ಸೂಕ್ಷ್ಮತೆ ಕಡಿಮೆಯಾಯಿತು. ವಾಸನೆಯನ್ನು ಮನೆಯಿಂದ ತೆಗೆದ ಮೇಲೂ ಎರಡು ವಾರಗಳವರೆಗೆ ಆ ಕೊರತೆ ಉಳಿದಿತ್ತು. ಅಂದರೆ ದಿನವೂ ಒಂದೇ ಸೆಂಟು ಹಾಕುವವನ ಮೂಗು ಬೆಳಿಗ್ಗೆ ಬಾಟಲಿ ತೆರೆಯುವಾಗಲೇ ಅರ್ಧ ಮುಚ್ಚಿರುತ್ತದೆ. “ಮೊದಲಿನಷ್ಟು ಘಮ ಇಲ್ಲ, ಕಂಪನಿಯವರು ನೀರು ಬೆರೆಸುತ್ತಿರಬೇಕು” ಎನ್ನುವವರ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಹಾಗೆಂದು ವಾಸನೆ ನಿಜವಾಗಿಯೂ ಹೋಗುವುದೇ ಇಲ್ಲವೆಂದು ಅರ್ಥವಲ್ಲ. ಸೆಂಟಿನಲ್ಲಿ ಹಲವು ದ್ರವ್ಯಗಳು ಸಾರಾಯಿಯಲ್ಲಿ ಕರಗಿರುತ್ತವೆ. ಸಾರಾಯಿ ಕೆಲವು ನಿಮಿಷಗಳಲ್ಲಿ ಆರುತ್ತದೆ. ನಿಂಬೆ, ಕಿತ್ತಳೆಗಳ ಹಗುರವಾದ ಅಣುಗಳು ಬೇಗನೆ, ಹೆಚ್ಚುಕಡಿಮೆ ಮೊದಲ ಅರ್ಧ ಗಂಟೆಯಲ್ಲಿ ಹಾರುತ್ತವೆ. ಹೂವಿನ ಅಂಶಗಳು ಕೆಲವು ಗಂಟೆ ನಿಲ್ಲುತ್ತವೆ. ನಮ್ಮ ಶ್ರೀಗಂಧದ ಎಣ್ಣೆಯ ಮುಖ್ಯ ದ್ರವ್ಯವಾದ ಸ್ಯಾಂಟಲಾಲ್, ಮತ್ತು ಕಸ್ತೂರಿಯನ್ನು ಹೋಲುವಂತೆ ತಯಾರಿಸಿದ ವಸ್ತುಗಳು ಭಾರವಾದ ಅಣುಗಳುಳ್ಳವು, ನಿಧಾನವಾಗಿ ಹಾರುತ್ತ ಬಟ್ಟೆಯಲ್ಲಿ ದಿನಗಟ್ಟಲೆ ಇರಬಲ್ಲವು. ಆದುದರಿಂದ “ವಾಸನೆ ಹೋಯಿತು” ಎಂಬ ಒಂದೇ ಮಾತಿಗೆ ಎರಡು ಅರ್ಥಗಳಿವೆ: ಅದು ಮೈಮೇಲಿಂದ ಹಾರಿತು, ಇಲ್ಲವೆ ಮೂಗಿಗೆ ಹಳೆಯದಾಯಿತು. ಹಾಕಿಕೊಂಡವನು ತನ್ನ ಮೂಗಿನಿಂದ ಈ ಎರಡನ್ನೂ ಬೇರೆಮಾಡಲಾರ. ಬೇರೆಮಾಡುವ ಉಪಾಯ ಬೇರೆಯೇ ಬೇಕು.

“ಇದಕ್ಕೇನು ಮಹಾ, ಪಕ್ಕದವರನ್ನು ಕೇಳಿದರಾಯಿತು” ಎನ್ನಬಹುದು. ಇಲ್ಲಿ ಎರಡು ತೊಡಕುಗಳಿವೆ. ಒಂದು, ನಮ್ಮಲ್ಲಿ ಯಾರೂ ಮುಖದ ಮೇಲೆ ಹೇಳುವುದಿಲ್ಲ. ನನ್ನ ಮಿತ್ರನು ಹೇಳುವ ಬದಲು ಬೆಂಚು ಬಿಟ್ಟು ಹೋದ. ಇನ್ನೊಂದು, ಕೇಳುವ ಪ್ರಶ್ನೆಯೇ ಉತ್ತರವನ್ನು ಹುಟ್ಟಿಸಬಲ್ಲದು. ಇದನ್ನು 1899ರಲ್ಲಿ ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಅಧ್ಯಾಪಕ ಎಡ್ವಿನ್ ಸ್ಲಾಸನ್ ತರಗತಿಯಲ್ಲಿಯೇ ತೋರಿಸಿಕೊಟ್ಟರು. ಅವರು ಒಂದು ಸೀಸೆಯಿಂದ ಹತ್ತಿಯ ಮೇಲೆ ದ್ರವವೊಂದನ್ನು ಮುಖ ತಿರುಗಿಸಿಕೊಂಡು ಸುರಿದು, ಇದರ ವಾಸನೆ ಯಾರಿಗೆ ತಲುಪಿತೋ ಅವರು ಕೈ ಎತ್ತಬೇಕೆಂದು ಹೇಳಿ ಗಡಿಯಾರ ಹಿಡಿದು ನಿಂತರು. ಹದಿನೈದು ಸೆಕೆಂಡುಗಳಲ್ಲಿ ಮುಂದಿನ ಸಾಲಿನ ಬಹುಮಂದಿ ಕೈ ಎತ್ತಿದರು. ನಲವತ್ತು ಸೆಕೆಂಡುಗಳಲ್ಲಿ ವಾಸನೆ ಹಿಂದಿನ ಸಾಲುಗಳಿಗೂ “ಹರಡಿತು”. ಸುಮಾರು ಮುಕ್ಕಾಲು ಪಾಲು ಮಂದಿ ತಮಗೆ ವಾಸನೆ ಬಂತೆಂದರು. ಮುಂದಿನ ಸಾಲಿನ ಕೆಲವರು ತಾಳಲಾರದೆ ಎದ್ದುಹೋಗಲು ಸಿದ್ಧರಾದುದರಿಂದ ಒಂದು ನಿಮಿಷಕ್ಕೇ ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು. ಸೀಸೆಯಲ್ಲಿ ಇದ್ದುದು ಬರಿಯ ನೀರು! “ನನ್ನ ಸೆಂಟು ಹೆಚ್ಚಾಯಿತೆ?” ಎಂದು ಕೇಳಿದರೆ ಒಬ್ಬನು ದಾಕ್ಷಿಣ್ಯಕ್ಕೆ ಇಲ್ಲವೆನ್ನುತ್ತಾನೆ, ಇನ್ನೊಬ್ಬನು ಕೇಳಿದ್ದರಿಂದಲೇ ಇಲ್ಲದ ವಾಸನೆಯನ್ನು ಮೂಸುತ್ತಾನೆ.

ಈ ಎರಡು ತೊಡಕುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು, ಏಳು ಸಲ ಒತ್ತಿಕೊಳ್ಳುತ್ತಿದ್ದ ಮಿತ್ರನ ಒಪ್ಪಿಗೆಯ ಮೇಲೆ, ನಾವು ನಾಲ್ವರು ಹಾಸ್ಟೆಲಿನ ಉದ್ದನೆಯ ಓದುವ ಕೋಣೆಯಲ್ಲಿ ಒಂದು ಸಣ್ಣ ಪರೀಕ್ಷೆ ನಡೆಸಿದೆವು. ಕೋಣೆಯ ಒಂದು ತುದಿಯಲ್ಲಿ ಕುರ್ಚಿ ಇಟ್ಟು, ಅಲ್ಲಿಂದ ಒಂದೊಂದು ಅಡಿಗೂ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆವು. ಫ್ಯಾನು ನಿಲ್ಲಿಸಿದೆವು. ಮೂಸುವವರು ಮೂವರೂ ಅಂದು ಯಾವ ಸೆಂಟು, ಪೌಡರು, ತಲೆಗೆ ಎಣ್ಣೆ ಏನನ್ನೂ ಹಾಕದೆ ಹೊರಗೆ ಬಯಲಿನಲ್ಲಿ ಇದ್ದರು. ಸರದಿ ಬಂದವನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ದೂರದ ತುದಿಯಿಂದ ನಿಧಾನವಾಗಿ ನಡೆದು ಬಂದು, ವಾಸನೆ ತಿಳಿದ ಗೆರೆಯಲ್ಲಿ ನಿಲ್ಲಬೇಕು. ನಾನು ಜೊತೆಯಲ್ಲಿ ನಡೆದು ಗೆರೆಯನ್ನು ಬರೆದುಕೊಳ್ಳುತ್ತಿದ್ದೆ. ಒಬ್ಬೊಬ್ಬನ ಸರದಿಯ ನಡುವೆ ಬಾಗಿಲು ಕಿಟಕಿಗಳನ್ನು ತೆರೆದು ಗಾಳಿಯಾಡಿಸಿದೆವು. ಸ್ಲಾಸನ್ನರ ಪಾಠವನ್ನು ನೆನೆದು, ನಡುನಡುವೆ ಸೆಂಟು ಹಾಕಿದವನನ್ನು ಹೊರಗೆ ಕಳುಹಿಸಿ ಕುರ್ಚಿಯನ್ನು ಖಾಲಿ ಬಿಡುತ್ತಿದ್ದೆವು. ಬರುವವನಿಗೆ ಇದು ತಿಳಿಯದು. ಹೀಗೆ ಖಾಲಿ ಬಿಟ್ಟ ಹನ್ನೆರಡು ಸಲಗಳಲ್ಲಿ ಮೂರು ಸಲ “ಬಂತು” ಎಂದು ನಿಂತವರುಂಟು. ಆದುದರಿಂದ ಒಬ್ಬರ ಒಂದು ಉತ್ತರವನ್ನು ನಂಬದೆ ಮೂವರ ಸರಾಸರಿಯನ್ನು ತೆಗೆದೆವು.

ಮೊದಲ ಭಾನುವಾರ ಅವನು ಎಂದಿನಂತೆ ಏಳು ಸಲ ಒತ್ತಿಕೊಂಡ. ತನ್ನ ಮೂಗಿಗೆ ಎಷ್ಟು ತಿಳಿಯುತ್ತದೆಂಬುದಕ್ಕೆ ಅವನೇ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡಬೇಕಾಗಿತ್ತು. ಐದನೆಯ ನಿಮಿಷದಲ್ಲಿ ಅವನು ಮೂರು ಅಂಕ ಕೊಟ್ಟ. ಅರ್ಧ ಗಂಟೆಗೆ ಒಂದು. ಒಂದು ಗಂಟೆಗೆ ಸೊನ್ನೆ. ಹೊರಗಿನಿಂದ ಬಂದವರಿಗೆ ಮೊದಲು ವಾಸನೆ ತಿಳಿದುದು ಹದಿನಾಲ್ಕು ಅಡಿ ದೂರದಲ್ಲಿ. ಒಂದು ಗಂಟೆಯ ಮೇಲೆ, ಅವನಿಗೆ ಏನೂ ತಿಳಿಯದಿದ್ದ ಹೊತ್ತಿನಲ್ಲಿ, ಹತ್ತು ಅಡಿ. ನಾಲ್ಕು ಗಂಟೆಗಳ ಮೇಲೂ ಆರು ಅಡಿ. ನಮ್ಮ ತರಗತಿಯ ಬೆಂಚಿನಲ್ಲಿ ಪಕ್ಕದವರಿಗೂ ನಮಗೂ ಇರುವ ಅಂತರ ಎರಡು ಅಡಿಗಿಂತ ಹೆಚ್ಚಲ್ಲ. ಮಧ್ಯಾಹ್ನದ ಪಾಠಕ್ಕೆ ನನ್ನ ಇನ್ನೊಬ್ಬ ಮಿತ್ರನು ಏಕೆ ಬರುತ್ತಿರಲಿಲ್ಲವೆಂಬುದು ಆ ಸೀಮೆಸುಣ್ಣದ ಗೆರೆಗಳಿಂದಲೇ ತಿಳಿಯಿತು.

ಮುಂದಿನ ಭಾನುವಾರ ಎರಡೇ ಸಲ ಒತ್ತಿಕೊಂಡ. ಐದನೆಯ ನಿಮಿಷಕ್ಕೆ ಅವನು ಕೊಟ್ಟ ಅಂಕ ಎರಡು, ಅರ್ಧ ಗಂಟೆಗೆ ಸೊನ್ನೆ. ಹೊರಗಿನವರಿಗೆ ಮೊದಲು ಏಳು ಅಡಿಗೆ, ಒಂದು ಗಂಟೆಯ ಮೇಲೆ ನಾಲ್ಕೂವರೆ ಅಡಿಗೆ, ನಾಲ್ಕು ಗಂಟೆಗಳ ಮೇಲೆ ಎರಡು ಅಡಿಗೆ ತಿಳಿಯಿತು. ಎರಡು ದಿನಗಳನ್ನೂ ಹೋಲಿಸಿ ನೋಡಿದರೆ ಮುಖ್ಯವಾದ ಮಾತು ಸ್ಪಷ್ಟವಾಗುತ್ತದೆ. ಏಳು ಸಲ ಒತ್ತಿಕೊಂಡರೂ ಎರಡು ಸಲ ಒತ್ತಿಕೊಂಡರೂ ಒಂದು ಗಂಟೆಯೊಳಗೆ ಅವನ ಮೂಗು ಸೊನ್ನೆಗೆ ಬಂದುಬಿಟ್ಟಿತು. ಹೆಚ್ಚು ಹಾಕಿದುದರಿಂದ ಅವನಿಗೆ ದೊರೆತದ್ದು ಅರ್ಧ ಗಂಟೆಯ ಸುಖ; ಉಳಿದವರಿಗೆ ದೊರೆತದ್ದು ಮಧ್ಯಾಹ್ನದವರೆಗಿನ ಘಾಟು.

ಆದರೂ ಅವನಿಗೆ ಸಂಶಯ ಉಳಿಯಿತು. “ನನಗೆ ತಿಳಿಯದಿರುವುದು ಸೆಂಟು ಹಾರಿದ್ದರಿಂದ ಇರಬಹುದಲ್ಲ? ನಿಮ್ಮ ಮೂಗು ಚುರುಕಿರಬಹುದು, ಅಷ್ಟೇ” ಎಂದ. ಇದು ನ್ಯಾಯವಾದ ಪ್ರಶ್ನೆ. ಇದಕ್ಕಾಗಿ ಆ ದಿನ ಬೆಳಿಗ್ಗೆ ಅವನು ಸೆಂಟು ಹಾಕಿಕೊಳ್ಳುವಾಗಲೇ ಒಂದು ಒತ್ತುಕಾಗದದ ಪಟ್ಟಿಗೂ ಅದನ್ನು ಒತ್ತಿ ಬೇರೆ ಕೋಣೆಯಲ್ಲಿ ತೆರೆದು ಇಟ್ಟಿದ್ದೆವು. ಒಂದು ಗಂಟೆಯ ಮೇಲೆ ಆ ಪಟ್ಟಿಯನ್ನು ಅವನ ಮೂಗಿಗೆ ಹಿಡಿದಾಗ ಅವನು ಕೊಟ್ಟ ಅಂಕ ಒಂದು. ಹೊರಗಿನಿಂದ ಬಂದವರು ಅದೇ ಪಟ್ಟಿಗೆ ಮೂರು ಕೊಟ್ಟರು. ಸಂಜೆ ಅವನು ಪರಿಮಳವಿಲ್ಲದ ಸೋಪಿನಿಂದ ಸ್ನಾನಮಾಡಿ, ಒಗೆದ ಬಟ್ಟೆ ಉಟ್ಟು, ಮುಕ್ಕಾಲು ಗಂಟೆ ಆಟದ ಮೈದಾನದಲ್ಲಿ ತಿರುಗಾಡಿ ಬಂದು ಅದೇ ಪಟ್ಟಿಯನ್ನು ಮತ್ತೆ ಮೂಸಿದ. ಈಗ ಎರಡು ಅಂಕ ಕೊಟ್ಟ! ಬೆಳಗಿನಿಂದ ಸಂಜೆಯ ತನಕ ಪಟ್ಟಿಯ ಮೇಲಿನ ಸೆಂಟು ಹಾರಿ ಕಡಿಮೆಯಾಗಿರಬೇಕೇ ಹೊರತು ಹೆಚ್ಚಾಗಿರಲಾರದು. ಕಡಿಮೆಯಾದ ವಾಸನೆ ಹೆಚ್ಚಾಗಿ ತಿಳಿಯಿತೆಂದರೆ ಬದಲಾದುದು ಪಟ್ಟಿಯಲ್ಲ, ಮೂಗು. ಇದಕ್ಕಿಂತ ಬೇರೆ ಸಾಕ್ಷಿ ಅವನಿಗೂ ಬೇಕಾಗಲಿಲ್ಲ.

ಆಮೇಲೆ ರಜೆ ಬಂದಿತು. ಎರಡು ವಾರಕ್ಕಿಂತ ಸ್ವಲ್ಪ ಹೆಚ್ಚು ಕಾಲ ಅವನು ಊರಿನಲ್ಲಿ ಸೆಂಟನ್ನು ಮುಟ್ಟಲಿಲ್ಲ. ಹಿಂದಿರುಗಿ ಬಂದ ದಿನ ಎರಡೇ ಸಲ ಒತ್ತಿಕೊಂಡವನು “ಇದು ಇಷ್ಟು ಘಾಟೇನೋ?” ಎಂದು ನಾಲ್ಕು ಅಂಕ ಕೊಟ್ಟ. ಹಾಗಿದ್ದರೂ ಒಂದು ಗಂಟೆ ಕಳೆಯುವುದರೊಳಗೆ ಮತ್ತೆ ಸೊನ್ನೆ. ವಾರಗಟ್ಟಲೆ ಕೂಡಿದ ಹೊಂದಾಣಿಕೆ ವಿರಾಮದಿಂದ ಇಳಿಯಿತು. ಆಯಾ ದಿನ ಆಗುವ ಹೊಂದಾಣಿಕೆಯನ್ನು ತಪ್ಪಿಸಲು ಮಾತ್ರ ಉಪಾಯವಿಲ್ಲ. ಮೂವರು ಮೂಸಿದ ಈ ಪರೀಕ್ಷೆಯ ಅಡಿಗಳನ್ನು ಎಲ್ಲ ಸೆಂಟಿಗೂ ಎಲ್ಲ ಕೋಣೆಗೂ ಅಳತೆಯೆಂದು ತೆಗೆದುಕೊಳ್ಳಬಾರದು. ಬೇರೆ ಸೆಂಟು, ಬೇರೆ ಗಾಳಿ, ಬೇರೆ ಮೈಶಾಖ ಇದ್ದಲ್ಲಿ ಅಡಿಗಳು ಬೇರೆಯಾಗುತ್ತವೆ. ಹಾಕಿಕೊಂಡವನ ಮೂಗು ಮೊದಲು ಮುಚ್ಚುತ್ತದೆ, ಇತರರದು ತೆರೆದಿರುತ್ತದೆ ಎಂಬುದು ಮಾತ್ರ ಬದಲಾಗುವುದಿಲ್ಲ.

ಹಾಕಿಕೊಂಡವನ ಮೂಗೇ ಇಷ್ಟು ಬೇಗ ಮುಚ್ಚುವುದಕ್ಕೆ ಸ್ಥಳವೂ ಒಂದು ಕಾರಣ. ನಾವು ಸಾಮಾನ್ಯವಾಗಿ ಸೆಂಟನ್ನು ಹಾಕುವುದು ಕೊರಳಿಗೆ, ಎದೆಗೆ. ಮೈಯ ಬಿಸಿಯಿಂದ ನಮ್ಮ ಸುತ್ತ ಬೆಚ್ಚನೆಯ ಗಾಳಿ ಸದಾ ಮೇಲಕ್ಕೆ ಏರುತ್ತಿರುತ್ತದೆ; ಅದು ಕೊರಳಿನ ಸೆಂಟನ್ನು ನೇರವಾಗಿ ಮೂಗಿಗೆ ಒಯ್ಯುತ್ತದೆ. ಬೇರೆಯವರ ಮೂಗಿಗೆ ಒಮ್ಮೆ ಬಂದು ಒಮ್ಮೆ ನಿಲ್ಲುವ ವಾಸನೆ ನಮಗೆ ಬಿಡುವಿಲ್ಲದೆ ಬರುತ್ತದೆ. ಬಿಡುವಿದ್ದ ಮೂಗಿಗೆ ಪ್ರತಿಸಲವೂ ಹೊಸದು. ಬಿಡುವಿಲ್ಲದ ಮೂಗಿಗೆ ಎಲ್ಲವೂ ಹಳೆಯದು. ನಡೆಯುವಾಗಲಂತೂ ವಾಸನೆಯ ಗಾಳಿ ನಮ್ಮ ಹಿಂದೆ ಉಳಿಯುತ್ತದೆ. ಅದರಲ್ಲಿ ನಡೆದು ಬರುವವರು ನಮ್ಮ ಹಿಂದಿನವರೇ ಹೊರತು ನಾವಲ್ಲ.

ಹಾಗಾದರೆ ಅಳೆಯುವುದು ಹೇಗೆ? ನಮ್ಮ ಪರೀಕ್ಷೆಯಿಂದ ದೊರೆತ ವಿಧಾನವನ್ನು ಸುಲಭ ಮಾಡಿ ಹೇಳುತ್ತೇನೆ. ಹೊಸ ಸೆಂಟು ಕೊಂಡಾಗ ಒಂದು ದಿನ ಒಂದೇ ಸಲ ಒತ್ತಿಕೊಂಡು, ಅರ್ಧ ಗಂಟೆ ಬಿಟ್ಟು, ಹೊರಗಿನಿಂದ ಆಗ ತಾನೆ ಬಂದ ಇಬ್ಬರು ಮೂವರನ್ನು, ಒಬ್ಬರಾದ ಮೇಲೆ ಒಬ್ಬರನ್ನು, ಹತ್ತಿರಕ್ಕೆ ಕರೆಯಬೇಕು. ಜೊತೆಯಲ್ಲಿಯೇ ಕುಳಿತಿದ್ದವರು ಇದಕ್ಕೆ ಆಗರು. ಅವರ ಮೂಗೂ ಹೊಂದಿಕೊಂಡಿರುತ್ತದೆ. “ವಾಸನೆ ಬರುತ್ತದೆಯೆ?” ಎಂದು ಕೇಳದೆ “ಯಾವ ಗೆರೆಯಲ್ಲಿ ತಿಳಿಯಿತು?” ಎಂದೋ “ಎಷ್ಟು ಅಂಕ?” ಎಂದೋ ಕೇಳಬೇಕು. ಅಂಕ ಕೇಳಿದಾಗ ದಾಕ್ಷಿಣ್ಯ ಕಡಿಮೆಯಾಗುತ್ತದೆ. ಕೈ ಚಾಚಿದಷ್ಟು ದೂರದಲ್ಲಿ ತಿಳಿದು, ಅದರಾಚೆಗೆ ತಿಳಿಯದಿದ್ದರೆ ತರಗತಿಗೆ ಅಷ್ಟು ಸಾಕು. ಸಾಲದಿದ್ದರೆ ಇನ್ನೊಂದು ದಿನ ಎರಡು ಸಲ ಒತ್ತಿ ನೋಡಬಹುದು. ಹೀಗೆ ಒಮ್ಮೆ ಗೊತ್ತಾದ ಲೆಕ್ಕವನ್ನು ಬರೆದಿಟ್ಟುಕೊಂಡು, ಮುಂದೆ ಮೂಗನ್ನು ಕೇಳದೆ ಲೆಕ್ಕವನ್ನು ನಡೆಸಬೇಕು. ಅಡಿಗೆಯವರು ಉಪ್ಪನ್ನು ಚಮಚದಲ್ಲಿ ಅಳೆದು ಹಾಕುವಂತೆ ಇದೂ.

ಒಬ್ಬರನ್ನೇ ಕೇಳಿದರೆ ಸಾಲದೆಂದುದಕ್ಕೆ ಇನ್ನೂ ಒಂದು ಕಾರಣವಿದೆ. ಗ್ರಾಹಕಗಳು ಎಲ್ಲರಲ್ಲಿಯೂ ಒಂದೇ ಸಮನಾಗಿಲ್ಲ. ಕಸ್ತೂರಿಯನ್ನು ಹೋಲುವ ಕೆಲವು ದ್ರವ್ಯಗಳು, ಉಳಿದ ವಾಸನೆಗಳನ್ನೆಲ್ಲ ಚೆನ್ನಾಗಿ ತಿಳಿಯುವ ಕೆಲವರಿಗೆ, ಹುಟ್ಟಿನಿಂದಲೇ ತಿಳಿಯುವುದಿಲ್ಲ. ವಯಸ್ಸಾದಂತೆ ಮೂಗಿನ ಸೂಕ್ಷ್ಮತೆ ಕುಗ್ಗುತ್ತದೆ. ಕುಗ್ಗಿದುದು ಅವರಿಗೇ ತಿಳಿದಿರುವುದಿಲ್ಲ. ಅಜ್ಜನ ಅತ್ತರು ಮೊಮ್ಮಕ್ಕಳಿಗೆ ಹೆಚ್ಚೆನಿಸುವುದು ಇದರಿಂದಲೂ ಇರಬಹುದು.

ಕಡಿಮೆ ಮಾಡುವವರು ನೆನಪಿಡಬೇಕಾದ ಒಂದು ಮಾತುಂಟು. ವಾಸನೆಯ ಬಲವು ದ್ರವ್ಯದ ಪ್ರಮಾಣಕ್ಕೆ ಸರಿಯಾಗಿ ಏರುವುದಿಲ್ಲ, ಇಳಿಯುವುದೂ ಇಲ್ಲ. ವಾಸನೆಯಿಂದ ವಾಸನೆಗೆ ಇದು ಬದಲಾಗುತ್ತದಾದರೂ, ಸ್ಥೂಲವಾಗಿ ಹೇಳುವುದಾದರೆ, ಇಮ್ಮಡಿ ಬಲವಾಗಿ ತೋರಬೇಕಾದರೆ ಪ್ರಮಾಣ ನಾಲ್ಮಡಿಯಾಗಬೇಕು. ಹಿಂದುಮುಂದಾಗಿ ಇದೇ ಲೆಕ್ಕ: ಘಾಟು ಅರ್ಧವಾಗಬೇಕಾದರೆ ಎಂಟು ಸಲ ಒತ್ತುವವನು ಎರಡಕ್ಕೆ ಇಳಿಯಬೇಕು, ನಾಲ್ಕಕ್ಕೆ ಇಳಿದರೆ ಸಾಲದು. “ಅರ್ಧ ಮಾಡಿದೆನಲ್ಲ, ಇನ್ನೂ ದೂರುತ್ತಾರೆ” ಎಂದು ಬೇಸರಪಡುವವರಿಗೆ ಉತ್ತರ ಇದರಲ್ಲಿದೆ. ನಿನ್ನೆಯ ಅಂಗಿಯನ್ನೋ ಒಗೆಯದ ಸ್ವೆಟರನ್ನೋ ಮತ್ತೆ ತೊಟ್ಟರೆ ಅದರಲ್ಲಿ ಉಳಿದಿರುವ ಭಾರದ ದ್ರವ್ಯಗಳನ್ನೂ ಲೆಕ್ಕಕ್ಕೆ ಸೇರಿಸಬೇಕು. ಬೇಸಗೆಯಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಪರೀಕ್ಷೆಯ ಹಾಲಿನಲ್ಲಿ ಲೆಕ್ಕವನ್ನು ಇನ್ನೂ ಇಳಿಸಬೇಕು. ಪಕ್ಕದವರಿಗೆ ಅಲ್ಲಿ ಎದ್ದುಹೋಗುವ ಸ್ವಾತಂತ್ರ್ಯವೂ ಇಲ್ಲ.

ಸೆಂಟಿನ ಅಂಗಡಿಗಳಲ್ಲಿ ಕಾಫಿಬೀಜದ ಬಟ್ಟಲು ಇಟ್ಟು, ಅದನ್ನು ಮೂಸಿದರೆ ಮೂಗು ತಿಳಿಯಾಗುತ್ತದೆ ಎನ್ನುವುದುಂಟು. 2011ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಕಾಫಿಬೀಜಕ್ಕೂ ಬರಿಯ ಗಾಳಿಗೂ ವ್ಯತ್ಯಾಸ ಕಾಣಲಿಲ್ಲ. ಮೂಗಿಗೆ ಬೇಕಾದುದು ಇನ್ನೊಂದು ವಾಸನೆಯಲ್ಲ, ಮೊದಲಿನದರಿಂದ ಬಿಡುವು. ಮೈಮೇಲೆ ಸೆಂಟಿದ್ದವನಿಗೆ ಆ ಬಿಡುವು ಅಂಗಳಕ್ಕೆ ಹೋದರೂ ದೊರೆಯದು, ಸೆಂಟು ಜೊತೆಯಲ್ಲೇ ಬರುತ್ತದೆ. ಅದಕ್ಕೇ ಕಾಗದದ ಪಟ್ಟಿ ಬೇಕು, ಸ್ನಾನ ಬೇಕು, ಇಲ್ಲವೆ ಇನ್ನೊಬ್ಬರ ಮೂಗು ಬೇಕು.

ನಮ್ಮ ಮಿತ್ರನು ಈಗ ಬೆಳಿಗ್ಗೆ ಹೊರಡುವ ಅರ್ಧ ಗಂಟೆ ಮೊದಲು, ಅಂಗಿಯ ಒಳಗೆ, ಒಂದೇ ಸಲ ಒತ್ತಿಕೊಳ್ಳುತ್ತಾನೆ. ಭಾನುವಾರ ಅದೂ ಇಲ್ಲ. ತನಗೆ ತಿಳಿಯದಿದ್ದರೆ ಮತ್ತೆ ಬಾಟಲಿ ತೆಗೆಯುವುದಿಲ್ಲ. ಅರೆತಲೆನೋವಿನವನು ಎರಡನೆಯ ಬೆಂಚಿಗೆ ಹಿಂದಿರುಗಿದ್ದಾನೆ. ಇಬ್ಬರ ನಡುವೆ ಒಬ್ಬರನ್ನು ಕೂರಿಸಿಕೊಂಡಿದ್ದಾರೆ, ಅಷ್ಟೇ. ಕೆಲವರಿಗೆ ಎಷ್ಟು ಕಡಿಮೆ ಸೆಂಟಾದರೂ ಆಗದು. ಅಂಥವರು ಪಕ್ಕದಲ್ಲಿರುವಾಗ ಸರಿಯಾದ ಲೆಕ್ಕ ಸೊನ್ನೆಯೇ.